ರಾತ್ರಿ ಎರಡು ಗಂಟೆಯ ಪೊಟ್ಯಾಸಿಯಂ, ಅದನ್ನು ಫೋನಿನಲ್ಲಿ ಹೇಳುವ ಕೆಲಸ

ನಾನು ಆಸ್ಪತ್ರೆಯೊಂದರ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಟೆಕ್ನಾಲಜಿಸ್ಟ್. ರಿಪೋರ್ಟ್ ಕಂಪ್ಯೂಟರಿಗೆ ಹಾಕಿದರೆ ಲ್ಯಾಬಿನ ಕೆಲಸ ಮುಗಿಯಿತು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಹೆಚ್ಚಿನ ರಿಪೋರ್ಟುಗಳಿಗೆ ಅದು ನಿಜವೇ. ಆದರೆ ಕೆಲವು ಫಲಿತಾಂಶ ಪರದೆಯ ಮೇಲೆ ಸುಮ್ನೆ ಕೂತಿದ್ದರೆ ರೋಗಿ ಅಷ್ಟರಲ್ಲಿ ಸಾಯಬಹುದು. ಅಂಥದ್ದನ್ನು ಫೋನ್ ಮಾಡಿ ಹೇಳಬೇಕು, ಕೇಳಿದವರು ಸರಿಯಾಗಿ ಕೇಳಿಸಿಕೊಂಡರು ಅಂತ ಖಚಿತ ಮಾಡಿಕೊಳ್ಳಬೇಕು, ಆಮೇಲೆ ಅದನ್ನು ಬರೆದಿಡಬೇಕು. ಇದಕ್ಕೆ ನಾವು ಕ್ರಿಟಿಕಲ್ ಕಾಲ್ ಅನ್ನುತ್ತೇವೆ. ನಮ್ಮಲ್ಲಿ ಇದರ ನಿಯಮವನ್ನು ಹೊಸದಾಗಿ ಬರೆಯುವಾಗ ನಾನೂ ಆ ತಂಡದಲ್ಲಿದ್ದೆ. ಅದಕ್ಕೂ ಮೊದಲು ರಾತ್ರಿ ಪಾಳಿಯಲ್ಲಿ ಹಳೆಯ ನಿಯಮದಡಿ ಫೋನ್ ಮಾಡುತ್ತಿದ್ದವನೂ ನಾನೇ. ಹಾಗಾಗಿ ಎರಡೂ ಬದಿ ನೋಡಿದ್ದೇನೆ.

ಯೋಚನೆ ಹಳೆಯದು. 1972ರಲ್ಲಿ ಅಮೆರಿಕದ ಪೆಥಾಲಜಿಸ್ಟ್ ಜಾರ್ಜ್ ಲುಂಡ್‌ಬರ್ಗ್ ಇದನ್ನು 'ಪ್ಯಾನಿಕ್ ವ್ಯಾಲ್ಯೂ' ಎಂಬ ಹೆಸರಲ್ಲಿ ಬರೆದರು. ಅವರು ಹೇಳಿದ್ದರಲ್ಲಿ ಎರಡು ಭಾಗ ಇದೆ. ಫಲಿತಾಂಶ ಎಷ್ಟು ಕೆಟ್ಟಿರಬೇಕೆಂದರೆ ಬೇಗ ಏನಾದರೂ ಮಾಡದಿದ್ದರೆ ಜೀವಕ್ಕೇ ಅಪಾಯ. ಮತ್ತೆ, ಮಾಡಬಹುದಾದ್ದು ಏನಾದರೂ ಇರಬೇಕು. ಎರಡನೆಯ ಭಾಗವನ್ನು ಜನ ಮರೆಯುತ್ತಾರೆ. ನಮ್ಮ ಹಳೆಯ ಪಟ್ಟಿ ಹಾಳಾಗಿದ್ದು ಅದರಿಂದಲೇ. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಒಂದು ಕಾಲ್ ಪೂರ್ತಿಯಾಗಿ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಹೊಸ ನಿಯಮ ಬಂದ ಮೇಲಿನದು ಇದು.

ರಾತ್ರಿ 2:08ಕ್ಕೆ ರಕ್ತ ಪರೀಕ್ಷಿಸುವ ಯಂತ್ರ, ಅನಲೈಸರ್, ಒಂದು ಪೊಟ್ಯಾಸಿಯಂ ಕೊಟ್ಟಿತು: ಲೀಟರಿಗೆ 6.9 ಮಿಲಿಮೋಲ್. ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸು ಇರಬೇಕು. ನಮ್ಮ ಪಟ್ಟಿಯಲ್ಲಿ 6.2 ದಾಟಿದರೆ ಫೋನ್. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತದ ಲಯ ತಪ್ಪುತ್ತದೆ, ಕೆಲವೊಮ್ಮೆ ಮುನ್ಸೂಚನೆಯೇ ಇಲ್ಲದೆ ನಿಂತುಹೋಗುತ್ತದೆ. ರೋಗಿ ಮೆಡಿಕಲ್ ವಾರ್ಡಿನಲ್ಲಿದ್ದ ವಯಸ್ಸಾದ ಗಂಡಸು.

ಇಲ್ಲಿ ಕೈ ತಕ್ಷಣ ಫೋನಿಗೆ ಹೋಗುತ್ತದೆ. ಹೋಗಬಾರದು. ಒಂದೆರಡು ನಿಮಿಷ ತಡೆದು ಈ ಅಂಕಿ ರೋಗಿಯದ್ದೋ ಅಥವಾ ಟ್ಯೂಬಿನದ್ದೋ ಅಂತ ನೋಡಬೇಕು. ಯಾಕೆಂದರೆ ಪೊಟ್ಯಾಸಿಯಂ ಬಹುಪಾಲು ಇರುವುದು ಜೀವಕೋಶಗಳ ಒಳಗೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಅದೆಲ್ಲ ಹೊರಗೆ ಚೆಲ್ಲುತ್ತದೆ, ರೋಗಿಯಲ್ಲಿ ಇಲ್ಲದ ಪೊಟ್ಯಾಸಿಯಂ ಟ್ಯೂಬಿನಲ್ಲಿ ಕಾಣುತ್ತದೆ. ಇದೇ ಹೀಮೋಲಿಸಿಸ್. ಟ್ಯೂಬನ್ನು ಬೆಳಕಿಗೆ ಹಿಡಿದೆ. ಕಣಗಳಿಂದ ಬೇರ್ಪಟ್ಟ ದ್ರವ, ಅಂದರೆ ಸೀರಂ, ತಿಳಿ ಹಳದಿ, ಕೆಂಪು ಛಾಯೆ ಇಲ್ಲ. ಅನಲೈಸರಿನ ಹೀಮೋಲಿಸಿಸ್ ಇಂಡೆಕ್ಸ್ ಕೂಡ ಅದನ್ನೇ ಹೇಳಿತು. ಸ್ಯಾಂಪಲ್ ತೆಗೆದದ್ದು 1:20ಕ್ಕೆ, ಲ್ಯಾಬಿಗೆ ಬೇಗ ಬಂದಿದೆ, ಫ್ರಿಜ್ಜಿನಲ್ಲಿ ಯಾರೂ ಇಟ್ಟಿಲ್ಲ. ರಕ್ತವನ್ನು ಬೇರ್ಪಡಿಸದೆ ತಣ್ಣಗೆ ಇಟ್ಟರೂ ಪೊಟ್ಯಾಸಿಯಂ ಕಣಗಳಿಂದ ಸೋರುತ್ತದೆ, ಆಗ ಸೀರಂ ಕೆಂಪಾಗುವುದೂ ಇಲ್ಲ. ಕಣ್ಣಿಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಸಮಯ ನೋಡುವುದು. ಅದೇ ರೋಗಿಯ ಪ್ಲೇಟ್‌ಲೆಟ್ ಮಾಮೂಲಾಗಿತ್ತು. ಅದು ವಿಪರೀತ ಜಾಸ್ತಿ ಇದ್ದರೂ ರಕ್ತ ಹೆಪ್ಪುಗಟ್ಟುವಾಗ ಪೊಟ್ಯಾಸಿಯಂ ಬಿಡುತ್ತದೆ.

ಆಮೇಲೆ ಹಳೆಯ ರಿಪೋರ್ಟ್ ತೆರೆದೆ. ಎರಡು ದಿನದ ಹಿಂದೆ ಪೊಟ್ಯಾಸಿಯಂ 4.6, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ 1.4. ಈಗ ಕ್ರಿಯಾಟಿನಿನ್ 3.8. ಅಲ್ಲಿಗೆ ಸಂಶಯ ಹೋಯಿತು. ಕಿಡ್ನಿ ಕೈಕೊಡುತ್ತಿದೆ, ಪೊಟ್ಯಾಸಿಯಂ ಹೊರಹೋಗುತ್ತಿಲ್ಲ. ಇದು ನಿಜವಾದ 6.9.

ಹಳೆಯ ಪದ್ಧತಿಯಲ್ಲಿ ಈ ಹಂತದಲ್ಲಿ ಸ್ಯಾಂಪಲನ್ನು ಮತ್ತೊಮ್ಮೆ ಓಡಿಸಿ, ಎರಡನೆಯ ಉತ್ತರ ಬಂದ ಮೇಲೆ ಫೋನ್ ಮಾಡಬೇಕಿತ್ತು. ಕ್ವಾಲಿಟಿ ಕಂಟ್ರೋಲ್ ಸರಿ ಇರುವ ಈಗಿನ ಅನಲೈಸರಿನಲ್ಲಿ ಅದೇ ಟ್ಯೂಬನ್ನು ಮತ್ತೆ ಓಡಿಸಿದರೆ ಸಾಮಾನ್ಯವಾಗಿ ಅದೇ ಅಂಕಿ ಬರುತ್ತದೆ. ಹೀಮೋಲೈಸ್ ಆದ ಟ್ಯೂಬೂ ಎರಡನೇ ಸಲ ಅಷ್ಟೇ ತಪ್ಪು ಉತ್ತರವನ್ನು ಅಷ್ಟೇ ಧೈರ್ಯವಾಗಿ ಕೊಡುತ್ತದೆ. ತಪ್ಪು ಇರುವುದು ಯಂತ್ರದಲ್ಲಿ ಅಲ್ಲವಲ್ಲ. ಹೊಸ ನಿಯಮದಲ್ಲಿ ಯಂತ್ರ ಏನಾದರೂ ಎಚ್ಚರಿಕೆ ತೋರಿಸಿದ್ದರೆ ಅಥವಾ ಸ್ಯಾಂಪಲ್ ಕಡಿಮೆ ಇದ್ದರೆ ಮಾತ್ರ ರಿಪೀಟ್. ಉಳಿದಂತೆ ಮೊದಲು ಫೋನ್.

2:11ಕ್ಕೆ ವಾರ್ಡಿಗೆ ಫೋನ್ ಮಾಡಿದೆ. ಮೊದಲ ಸಲ ರಿಂಗ್ ಆಗಿ ನಿಂತಿತು. ಎರಡನೇ ಸಲ ಸಿಸ್ಟರ್ ಎತ್ತಿದರು.

"ಸಿಸ್ಟರ್, ಲ್ಯಾಬಿನಿಂದ ಮಾತಾಡ್ತಿದ್ದೀನಿ. ಕ್ರಿಟಿಕಲ್ ರಿಪೋರ್ಟ್ ಇದೆ. ಪೆನ್ನು, ಬುಕ್ಕು ಕೈಯಲ್ಲಿದೆಯಾ?"

"ಒಂದ್ನಿಮಿಷ... ಹಾಂ, ಹೇಳಿ."

ರೋಗಿಯ ಹೆಸರು, ಆಸ್ಪತ್ರೆ ನಂಬರು, ಸ್ಯಾಂಪಲ್ ತೆಗೆದ ಸಮಯ, ಟೆಸ್ಟು, ಅಂಕಿ, ಯೂನಿಟ್ ಹೇಳಿದೆ. ಅಂಕಿಯನ್ನು ಬಿಡಿಬಿಡಿಯಾಗಿ: "ಸಿಕ್ಸ್, ಪಾಯಿಂಟ್, ನೈನ್."

"ಬರ್ಕೊಂಡೆ. ಥ್ಯಾಂಕ್ಸ್."

"ಇಡಬೇಡಿ ಸಿಸ್ಟರ್. ಬರೆದದ್ದನ್ನ ಒಮ್ಮೆ ಓದಿ."

ಅವರು ಓದಿದರು. ಹೆಸರು ಸರಿ. ಪೊಟ್ಯಾಸಿಯಂ 6.9, ಸರಿ. ನಂಬರಿನ ಕೊನೆ ನಾಲ್ಕು ಅಂಕಿ ಬೇರೆ. ನನ್ನ ಪರದೆಯ ಮೇಲೆ ಇದ್ದದ್ದು ಅದಲ್ಲ.

"ನಂಬರ್ ತಪ್ಪಾಗಿದೆ ಸಿಸ್ಟರ್. ಎಲ್ಲಿಂದ ಬರೆದ್ರಿ?"

ಅವರು ನಾನು ಹೇಳಿದ ಹೆಸರು ಕೇಳಿದ ಕೂಡಲೇ ವಾರ್ಡಿನ ಬೋರ್ಡ್ ಕಡೆ ತಿರುಗಿ, ಆ ಹೆಸರಿನ ಎದುರಿಗಿದ್ದ ನಂಬರನ್ನು ಬರೆದುಕೊಂಡಿದ್ದರು. ಅದೇ ಹೆಸರಿನ ಇಬ್ಬರು ಆ ರಾತ್ರಿ ವಾರ್ಡಿನಲ್ಲಿದ್ದರು. ಇನ್ನೊಬ್ಬರು ನ್ಯುಮೋನಿಯಾಕ್ಕೆ ಸೇರಿದವರು, ಕಿಡ್ನಿ ಚೆನ್ನಾಗಿಯೇ ಇದ್ದವರು. ಅವರ ಹಾಸಿಗೆಗೆ ಹೋಗಿ ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಹೇಳಬೇಕಿಲ್ಲ. ಸರಿಪಡಿಸಿ ಇನ್ನೊಮ್ಮೆ ಓದಿಸಿದೆ. ಈಗ ಎಲ್ಲ ಹೊಂದಿತು. ಅವರ ಹೆಸರು ಕೇಳಿ ಬರೆದುಕೊಂಡೆ. ಸಮಯ 2:15.

ಈ ಸಂಭಾಷಣೆಯಲ್ಲಿ ಗಮನಿಸಬೇಕಾದ ಒಂದು ಸಣ್ಣ ವಿಷಯ ಇದೆ. ನಾನು "ಸರಿ ಕೇಳಿಸ್ತಾ?" ಅಂತ ಕೇಳಿದ್ದರೆ ಉತ್ತರ "ಹೂಂ" ಆಗಿರುತ್ತಿತ್ತು. ನಾನೇ "6.9 ಅಲ್ವಾ?" ಅಂತ ಮತ್ತೆ ಹೇಳಿದ್ದರೂ "ಹೂಂ" ಅಂತಲೇ ಬರುತ್ತಿತ್ತು. ಬರೆದದ್ದನ್ನು ತಿರುಗಿ ಓದಿಸುವುದಕ್ಕೆ ನಾವು ರೀಡ್-ಬ್ಯಾಕ್ ಅನ್ನುತ್ತೇವೆ, ಇವೆರಡೂ ಅದಲ್ಲ. ಕೇಳಿದವರು ನೆನಪಿನಿಂದ ತಿರುಗಿ ಹೇಳಿದರೂ ಅರ್ಧ ಕೆಲಸ ಅಷ್ಟೇ. ಕಿವಿಗೆ ಬಿದ್ದದ್ದು ಸರಿ ಇದ್ದು, ಕಾಗದಕ್ಕೆ ಇಳಿಯುವಾಗ ತಪ್ಪಿರಬಹುದು. ಡಾಕ್ಟರ್ ಆಮೇಲೆ ನೋಡುವುದು ಆ ಕಾಗದವನ್ನೇ. ಹಾಗಾಗಿ ಕ್ರಮ ಹೀಗೆ: ಅವರು ಕೇಳಬೇಕು, ಬರೆಯಬೇಕು, ಬರೆದದ್ದನ್ನು ನೋಡಿಕೊಂಡು ಓದಬೇಕು, ನಾನು ಪರದೆ ನೋಡುತ್ತಾ ಹೋಲಿಸಿ "ಸರಿ" ಅನ್ನಬೇಕು. ನಾನು ಪರದೆ ಬಿಟ್ಟು ಬೇರೆಲ್ಲೋ ನೋಡುತ್ತಿದ್ದರೆ ಆ "ಸರಿ"ಗೂ ಬೆಲೆ ಇಲ್ಲ.

ಫೋನಿನಲ್ಲಿ ಯಾವುದು ತಪ್ಪುತ್ತದೆ ಅನ್ನುವುದಕ್ಕೂ ಒಂದು ಮಾದರಿ ಇದೆ. ಫೈವ್ ಮತ್ತು ನೈನ್ ಒಂದೇ ತರ ಕೇಳಿಸುತ್ತವೆ. ಫಿಫ್ಟೀನ್, ಫಿಫ್ಟಿ ಹಾಗೇ. "ಪಾಯಿಂಟ್" ಅನ್ನುವುದು ನುಂಗಿಹೋಗುತ್ತದೆ, ಅದಕ್ಕೇ ಅದರ ಹಿಂದೆ ಮುಂದೆ ಸ್ವಲ್ಪ ನಿಲ್ಲಿಸಿ ಹೇಳುವುದು. ಪ್ಲೇಟ್‌ಲೆಟ್ ಹೇಳುವಾಗ ಒಬ್ಬರು "ಹದಿನೆಂಟು" ಅನ್ನುತ್ತಾರೆ, ಒಬ್ಬರು "ಹದಿನೆಂಟು ಸಾವಿರ" ಅನ್ನುತ್ತಾರೆ, ಇನ್ನೊಬ್ಬರು "ಪಾಯಿಂಟ್ ಒನ್ ಏಟ್ ಲಾಕ್ಸ್". ಮೂರೂ ಒಂದೇ ಅಂಕಿ. ಗಡಿಬಿಡಿಯಲ್ಲಿ ಪೆನ್ನು ಹಿಡಿದವರಿಗೆ ಅದು ಹೊಳೆಯದೇ ಹೋಗಬಹುದು. ನಮ್ಮ ನಿಯಮದಲ್ಲಿ ಈಗ ಪ್ಲೇಟ್‌ಲೆಟ್ಟನ್ನು ಸಾವಿರದಲ್ಲೇ ಹೇಳಬೇಕು ಅಂತ ಬರೆದಿದೆ.

ಆ ರಾತ್ರಿಯ ಉಳಿದ ಭಾಗ ಬೇಗ ಹೇಳುತ್ತೇನೆ. ಸಿಸ್ಟರ್ ಡ್ಯೂಟಿ ಡಾಕ್ಟರಿಗೆ ಹೇಳಿದರು. 2:24ಕ್ಕೆ ಡಾಕ್ಟರ್ ನನಗೇ ಫೋನ್ ಮಾಡಿ "ಹೀಮೋಲೈಸ್ ಆಗಿತ್ತಾ?" ಅಂದರು. "ಇಲ್ಲ ಡಾಕ್ಟ್ರೇ, ಕ್ಲೀನ್ ಸ್ಯಾಂಪಲ್, ಕ್ರಿಯಾಟಿನಿನ್ ಕೂಡ ಏರಿದೆ" ಅಂದೆ. ಮೊದಲೇ ಟ್ಯೂಬ್ ನೋಡಿಟ್ಟಿದ್ದರ ಉಪಯೋಗ ಇದು. ಇಲ್ಲದಿದ್ದರೆ "ನೋಡಿ ಹೇಳ್ತೀನಿ" ಅನ್ನಬೇಕಾಗುತ್ತಿತ್ತು, ಅವರು ಕಾಯುತ್ತಿದ್ದರು. ಇಸಿಜಿಯಲ್ಲಿ ಟಿ ಅಲೆಗಳು ಚೂಪಾಗಿ ಎದ್ದಿದ್ದವಂತೆ. ಹೃದಯವನ್ನು ಕಾಪಾಡಲು ಕ್ಯಾಲ್ಸಿಯಂ ಗ್ಲುಕೋನೇಟ್, ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಕ್ಕೆ ತಳ್ಳಲು ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟರು. ರೋಗಿಗೆ ಸ್ಪಿರೊನೊಲ್ಯಾಕ್ಟೋನ್ ಮಾತ್ರೆ ನಡೆಯುತ್ತಿತ್ತು, ವಾಂತಿಯಾಗಿ ನೀರೂ ಕಡಿಮೆಯಾಗಿತ್ತು. ಆ ಮಾತ್ರೆ ಪೊಟ್ಯಾಸಿಯಂ ಅನ್ನು ದೇಹದಲ್ಲಿ ಉಳಿಸುತ್ತದೆ, ಕಿಡ್ನಿ ಸೋತಾಗ ಇದು ಸೇರಿಕೊಂಡರೆ ಹೀಗಾಗುತ್ತದೆ. ಬೆಳಗಿನ ಜಾವದ ಸ್ಯಾಂಪಲಿನಲ್ಲಿ 5.8ಕ್ಕೆ ಇಳಿದಿತ್ತು.

ಇನ್ನೊಂದು ಪೊಟ್ಯಾಸಿಯಂ ಬಗ್ಗೆ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಅದು 8.7 ಬಂದಿತ್ತು. ನೋಡಿದರೆ ಭಯವಾಗುವ ಅಂಕಿ. ಸೀರಂ ಸ್ವಚ್ಛ. ಆದರೆ ಅದೇ ಟ್ಯೂಬಿನಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, 4.1 ಮಿಲಿಗ್ರಾಂ, ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ ಬಹುತೇಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಈ ಮೂರೂ ಒಟ್ಟಿಗೆ ಬಂದರೆ ಲ್ಯಾಬಿನವರಿಗೆ ಕಥೆ ಗೊತ್ತಾಗಿಬಿಡುತ್ತದೆ. ರಕ್ತಕಣ ಎಣಿಸುವ ಸಿಬಿಸಿ ಟೆಸ್ಟಿಗೆ ಬಳಸುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಪೊಟ್ಯಾಸಿಯಂ ಇಡಿಟಿಎ ಅನ್ನುವ ಉಪ್ಪು ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಆ ಕಿಣ್ವಕ್ಕೆ ಕೆಲಸ ಮಾಡಲು ಬೇಕಾದ ಸತು, ಮೆಗ್ನೀಸಿಯಂ ಕೂಡ ಕಿತ್ತುಕೊಳ್ಳುತ್ತದೆ. ತಾನು ಮಾತ್ರ ಪೊಟ್ಯಾಸಿಯಂ ಸುರಿಯುತ್ತದೆ. ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಕಡಿಮೆ ಬಿದ್ದಿತ್ತು ಅಂತ ಯಾರೋ ನೇರಳೆಯಿಂದ ಒಂದಿಷ್ಟು ಸುರಿದು ತುಂಬಿಸಿದ್ದರು. ಕೇಳಿದಾಗ ಒಪ್ಪಿಕೊಂಡರು ಕೂಡ.

ಇದನ್ನು ಕ್ರಿಟಿಕಲ್ ಅಂತ ಹೇಳಿದರೆ ಚೆನ್ನಾಗಿರುವ ಮನುಷ್ಯನಿಗೆ ಪೊಟ್ಯಾಸಿಯಂ ಇಳಿಸುವ ಚಿಕಿತ್ಸೆ ಶುರುವಾಗುತ್ತದೆ. ಹಾಗಂತ ಸುಮ್ಮನಿರುವಂತೆಯೂ ಇಲ್ಲ, ಅವರ ನಿಜವಾದ ಪೊಟ್ಯಾಸಿಯಂ ಎಷ್ಟು ಅಂತ ಯಾರಿಗೂ ಗೊತ್ತಿಲ್ಲವಲ್ಲ. ಆದ್ದರಿಂದ ಅಂಕಿ ಹೊರಗೆ ಬಿಡದೆ ಫೋನ್ ಮಾಡುತ್ತೇವೆ: ಈ ಸ್ಯಾಂಪಲ್ ಕೆಟ್ಟಿದೆ, ಈಗಲೇ ಹೊಸದು ಕಳಿಸಿ, ಮೊದಲು ಕೆಂಪು ಟ್ಯೂಬ್ ತುಂಬಿ ಆಮೇಲೆ ನೇರಳೆ. ಈ ಫೋನೂ ರಿಜಿಸ್ಟರಿಗೆ ಹೋಗುತ್ತದೆ.

ಹೀಮೋಲೈಸ್ ಆದ ಸ್ಯಾಂಪಲ್ ಇಷ್ಟು ಸುಲಭವಲ್ಲ. ನಮ್ಮ ಮೀಟಿಂಗಿನಲ್ಲಿ ಜಾಸ್ತಿ ಜಗಳವಾದದ್ದು ಇದರ ಮೇಲೆಯೇ. ಸೀರಂ ಕೆಂಪಾಗಿದೆ, ಪೊಟ್ಯಾಸಿಯಂ 6.8. ರಿಜೆಕ್ಟ್ ಮಾಡಿ ಹೊಸದು ಕೇಳಿದರೆ ಸಾಕು ಅಂತ ಲ್ಯಾಬಿನಲ್ಲಿ ಕೆಲವರು. ಐಸಿಯು ಡಾಕ್ಟರ್ ಒಪ್ಪಲಿಲ್ಲ. "ಅವನದ್ದು ನಿಜವಾಗಿ 4 ಇದೆಯೋ 6.3 ಇದೆಯೋ ನಿಮಗೆ ಗೊತ್ತಾ? ನನಗೆ ಹೇಳಿ, ನಾನು ಮಾನಿಟರ್ ನೋಡ್ಕೋತೀನಿ" ಅಂದರು. ನನಗೂ ಅವರು ಹೇಳಿದ್ದೇ ಸರಿ ಅನ್ನಿಸಿತು. ಕೆಲವು ಕಾಯಿಲೆಗಳಲ್ಲಿ ಕಣಗಳು ದೇಹದ ಒಳಗೇ ಒಡೆಯುತ್ತವೆ. ಆಗ ಕೆಂಪು ಸೀರಂ ಕೂಡ ನಿಜ, ಏರಿದ ಪೊಟ್ಯಾಸಿಯಂ ಕೂಡ ನಿಜ. ಎಷ್ಟೇ ಸಲ ಹೊಸ ಸ್ಯಾಂಪಲ್ ಕೇಳಿದರೂ ಕೆಂಪೇ ಬರುತ್ತದೆ. ಈಗ ನಾವು ಫೋನಿನಲ್ಲಿ ಹೀಗೆ ಹೇಳುತ್ತೇವೆ: ಸ್ಯಾಂಪಲ್ ಹೀಮೋಲೈಸ್ ಆಗಿದೆ, ಮೌಲ್ಯ ಸುಳ್ಳಾಗಿ ಏರಿರಬಹುದು, ಹೊಸದು ಕಳಿಸಿ, ಅಷ್ಟರಲ್ಲಿ ಇಸಿಜಿ ನೋಡಿಕೊಳ್ಳಿ. ರೀಡ್-ಬ್ಯಾಕ್ ಮಾಡುವಾಗ ಅಂಕಿಯ ಜೊತೆ "ಹೀಮೋಲೈಸ್" ಅನ್ನುವ ಮಾತನ್ನೂ ಅವರು ಓದಲೇಬೇಕು. ಅಂಕಿ ಮಾತ್ರ ಕಾಗದಕ್ಕೆ ಇಳಿದು ಎಚ್ಚರಿಕೆ ಬಿಟ್ಟುಹೋದರೆ ನಾವು ಹೇಳಿದ್ದೇ ಅಪಾಯ.

ಈಗ ಹಳೆಯ ಪಟ್ಟಿಯ ವಿಷಯ. ಅದು ಎರಡು ಪುಟ ಇತ್ತು. ಯಾವ ವಿಭಾಗದವರು ಏನು ಕೇಳಿದರೂ ಸೇರಿಸುತ್ತಾ ಬಂದದ್ದು. ಕ್ರಿಯಾಟಿನಿನ್ 5 ದಾಟಿದರೆ ಫೋನ್ ಅಂತ ಇತ್ತು. ಡಯಾಲಿಸಿಸ್ ರೋಗಿಗಳಲ್ಲಿ ಅದು ಯಾವಾಗಲೂ 5 ದಾಟಿರುತ್ತದೆ. ಡಯಾಲಿಸಿಸ್ ಯೂನಿಟ್ಟಿಗೆ ಫೋನ್ ಮಾಡಿ "ಕ್ರಿಯಾಟಿನಿನ್ 9.2" ಅಂದರೆ ಅಲ್ಲಿನ ಸಿಸ್ಟರ್ "ಅದಕ್ಕೇ ಅಲ್ವಾ ಇಲ್ಲಿಗೆ ಬಂದಿರೋದು" ಅನ್ನುತ್ತಿದ್ದರು. ಅವರದ್ದೇನೂ ತಪ್ಪಿಲ್ಲ. ತೋಳ ಬಂತು ತೋಳ ಅಂತ ದಿನಾ ಕೂಗಿದ ಹಾಗೆ. ಆಮೇಲೆ ಅದೇ ಯೂನಿಟ್ಟಿಗೆ ನಿಜವಾದ ಪೊಟ್ಯಾಸಿಯಂ ಹೇಳಲು ಫೋನ್ ಮಾಡಿದಾಗಲೂ ಅದೇ ಬೇಸರದ ದನಿ.

ಪಟ್ಟಿ ಕತ್ತರಿಸುವಾಗ ಪ್ರತಿ ಟೆಸ್ಟಿಗೂ ಒಂದೇ ಪ್ರಶ್ನೆ ಕೇಳಿದೆವು. ರಾತ್ರಿ ಎರಡು ಗಂಟೆಗೆ ಇದನ್ನು ಹೇಳಿದರೆ ಡಾಕ್ಟರ್ ಎದ್ದು ಬಂದು ಏನು ಮಾಡುತ್ತಾರೆ? "ಬೆಳಿಗ್ಗೆ ನೋಡ್ತೀನಿ" ಅನ್ನುವುದೇ ಉತ್ತರವಾದರೆ ಅದು ಕ್ರಿಟಿಕಲ್ ಅಲ್ಲ. ಕ್ರಿಯಾಟಿನಿನ್ ಹೋಯಿತು. ಯೂರಿಕ್ ಆಸಿಡ್ ಹೋಯಿತು, ಅದು ಪಟ್ಟಿಯಲ್ಲಿ ಹೇಗೆ ಬಂದಿತ್ತು ಅಂತಲೇ ಯಾರಿಗೂ ನೆನಪಿರಲಿಲ್ಲ. ಉಳಿದವು ಸುಮಾರಾಗಿ ಎಲ್ಲ ಕಡೆಯೂ ಇರುವಂಥವು. ಸೋಡಿಯಂ 120ಕ್ಕಿಂತ ಕೆಳಗೆ ಅಥವಾ 160ಕ್ಕಿಂತ ಮೇಲೆ. ಪೊಟ್ಯಾಸಿಯಂ 2.5ಕ್ಕಿಂತ ಕೆಳಗೆ ಅಥವಾ 6.2ರ ಮೇಲೆ. ಗ್ಲೂಕೋಸ್ 45ಕ್ಕಿಂತ ಕೆಳಗೆ ಅಥವಾ 450ರ ಮೇಲೆ. ಪ್ಲೇಟ್‌ಲೆಟ್ 20 ಸಾವಿರದ ಕೆಳಗೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ಹೇಳುವ ಐಎನ್‌ಆರ್ 5ರ ಮೇಲೆ. ಇನ್ನು ಅಂಕಿಯೇ ಇಲ್ಲದ ಕೆಲವು: ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಬ್ಲಡ್ ಕಲ್ಚರ್ ಪಾಸಿಟಿವ್ ಆದರೆ, ಬೆನ್ನುಹುರಿಯ ನೀರಿನ ಗ್ರಾಂ ಸ್ಟೇನಿನಲ್ಲಿ ಬ್ಯಾಕ್ಟೀರಿಯಾ ಕಂಡರೆ. ಈ ಗಡಿಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬದಲಾಗುತ್ತವೆ, ಬದಲಾಗಲೇಬೇಕು. ನವಜಾತ ಶಿಶುಗಳಿಗೆ ಬೇರೆಯದೇ ಪಟ್ಟಿ ಬೇಕು. ಅಲ್ಲಿನ ಡಾಕ್ಟರುಗಳ ಸಹಿ ಇಲ್ಲದೆ ಲ್ಯಾಬ್ ಒಂದೇ ಕೂತು ಅಂಕಿ ಬರೆದರೆ ಅದು ಗೋಡೆಗೆ ಅಂಟಿಸುವ ಕಾಗದ ಅಷ್ಟೇ.

ಕೀಮೋ ವಾರ್ಡಿನ ವಿಷಯಕ್ಕೆ ಇನ್ನೊಂದು ತಿದ್ದುಪಡಿ ಬಂತು. ಅಲ್ಲಿ ಪ್ಲೇಟ್‌ಲೆಟ್ 20 ಸಾವಿರದ ಕೆಳಗೆ ಇಳಿಯುವುದು ನಿರೀಕ್ಷಿತವೇ, ದಿನಾ ಟೆಸ್ಟ್ ಆಗುತ್ತದೆ. ಮೊದಲ ಸಲ ಗಡಿ ದಾಟಿದಾಗ ಫೋನ್, ಆಮೇಲೆ 10 ಸಾವಿರದ ಕೆಳಗೆ ಇಳಿದರೆ ಮತ್ತೆ ಫೋನ್ ಅಂತ ಮಾಡಿದೆವು. ಪೊಟ್ಯಾಸಿಯಂ, ಗ್ಲೂಕೋಸಿಗೆ ಈ ರಿಯಾಯಿತಿ ಕೊಡಲಿಲ್ಲ. ಅವು ಗಂಟೆಗಳಲ್ಲಿ ಬದಲಾಗುತ್ತವೆ, ಪ್ರತಿ ಸಲವೂ ಫೋನ್.

ರಿಜಿಸ್ಟರಿನ ಕಥೆ ಇದಕ್ಕಿಂತ ಸ್ವಾರಸ್ಯ. ಲ್ಯಾಬುಗಳ ಗುಣಮಟ್ಟಕ್ಕೆ ಇರುವ ಐಎಸ್‌ಒ 15189 ಪ್ರಕಾರ ಯಾರು, ಯಾರಿಗೆ, ಯಾವಾಗ, ಯಾವ ಫಲಿತಾಂಶ ತಿಳಿಸಿದರು, ಸರಿಯಾಗಿ ತಲುಪಿತು ಅಂತ ಹೇಗೆ ಖಚಿತ ಮಾಡಿಕೊಂಡರು, ತಿಳಿಸುವಾಗ ಏನಾದರೂ ತೊಂದರೆ ಆಯಿತಾ, ಎಲ್ಲ ದಾಖಲಾಗಬೇಕು. ಜವಾಬ್ದಾರಿ ಇರುವವರು ಸಿಗದಿದ್ದರೆ ಮುಂದೆ ಯಾರಿಗೆ ಅನ್ನುವುದೂ ಬರೆದಿರಬೇಕು. ನಮ್ಮ ಹಳೆಯ ರಿಜಿಸ್ಟರಿನಲ್ಲಿ ಎಲ್ಲ ಕಾಲಮ್ಮೂ ಇದ್ದವು, ಎಲ್ಲ ತುಂಬಿಯೂ ಇದ್ದವು. ಆಡಿಟ್ ಮಾಡುವಾಗ ನಾನು ಅದನ್ನು ಅನಲೈಸರಿನ ಸಮಯದ ಜೊತೆ ಹೋಲಿಸಿ ನೋಡಿದೆ. ಒಂದು ಸಾಲಿನಲ್ಲಿ ಫಲಿತಾಂಶ ಬಂದದ್ದು 11:42, ಫೋನ್ ಮಾಡಿದ್ದು 11:38. ಫಲಿತಾಂಶ ಬರುವ ಮೊದಲೇ ಫೋನ್! ಅಂಥ ಸಾಲು ಇನ್ನೂ ಇದ್ದವು. ಮೊದಲು ಯಾರೋ ಕಟ್ಟುಕಥೆ ಬರೆದಿದ್ದಾರೆ ಅಂತ ಎಲ್ಲರೂ ಅಂದುಕೊಂಡರು. ನೋಡಿದರೆ ಗೋಡೆ ಗಡಿಯಾರ ಅನಲೈಸರಿಗಿಂತ ಹಿಂದೆ ಓಡುತ್ತಿತ್ತು. ಈಗ ಫೋನ್ ಸಮಯವನ್ನು ಗಡಿಯಾರ ನೋಡಿ ಬರೆಯುವುದಿಲ್ಲ, ಕಂಪ್ಯೂಟರಿನಲ್ಲೇ ದಾಖಲಿಸುತ್ತೇವೆ. ಅನಲೈಸರನ್ನೂ ಅದೇ ಸಮಯಕ್ಕೆ ಹೊಂದಿಸಿಟ್ಟಿದ್ದೇವೆ.

ಇನ್ನೊಂದು ಗುರುತು ಅಷ್ಟು ನಿರಪರಾಧಿ ಆಗಿರಲಿಲ್ಲ. ಕೆಲವು ಪುಟಗಳಲ್ಲಿ ಫೋನ್ ಸಮಯ ಎಲ್ಲ 5ರ ಗುಣಕದಲ್ಲಿತ್ತು: 10:15, 10:40, 11:05. ಶಾಯಿ ಒಂದೇ, ಕೈಬರಹದ ಓಟವೂ ಒಂದೇ. ಪಾಳಿ ಮುಗಿಯುವಾಗ ಕೂತು ಒಟ್ಟಿಗೆ ತುಂಬಿದ್ದು ಅಂತ ಯಾರಿಗಾದರೂ ತಿಳಿಯುತ್ತದೆ. ಫೋನ್ ಮಾಡಿದ್ದು ನಿಜವೇ ಇರಬಹುದು, ಆದರೆ ಆ ದಾಖಲೆಯಿಂದ ಏನೂ ಸಾಬೀತಾಗುವುದಿಲ್ಲ. "ರೀಡ್-ಬ್ಯಾಕ್ ಆಯಿತೇ?" ಅನ್ನುವ ಕಾಲಮ್ಮಿನಲ್ಲಂತೂ ಮೇಲಿಂದ ಕೆಳಗೆ ಬರೀ ಟಿಕ್. ಒಂದೂ "ಇಲ್ಲ" ಇಲ್ಲ. ಒಂದೂ "ಮೊದಲು ತಪ್ಪು ಓದಿದರು" ಇಲ್ಲ. ರಾತ್ರಿಹಗಲು ಫೋನಿನಲ್ಲಿ ಅಂಕಿ ಹೇಳುವ ಜಾಗದಲ್ಲಿ ಒಬ್ಬರೂ ಒಮ್ಮೆಯೂ ತಪ್ಪು ಕೇಳಿಸಿಕೊಂಡಿಲ್ಲ ಅಂದರೆ ನಂಬುವ ಮಾತಾ?

ನಾವು ಆ ಟಿಕ್ ಕಾಲಮ್ ತೆಗೆದುಹಾಕಿದೆವು. ಅದರ ಜಾಗದಲ್ಲಿ ಖಾಲಿ ಚೌಕ ಇಟ್ಟೆವು, ಎದುರಿನವರು ಓದಿ ಹೇಳಿದ ನಂಬರಿನ ಕೊನೆ ನಾಲ್ಕು ಅಂಕಿ ಮತ್ತು ಮೌಲ್ಯವನ್ನು ಅದರಲ್ಲಿ ಬರೆಯಬೇಕು. ಕೇಳದೆ ಬರೆಯಲು ಸಾಧ್ಯವಿಲ್ಲ ಅಂತಲ್ಲ. ಆದರೆ ಟಿಕ್ ಹಾಕುವಷ್ಟು ಸಲೀಸಲ್ಲ, ಕೇಳಿಬಿಡುವುದೇ ಸುಲಭ. ತಪ್ಪು ಓದಿದ್ದರೆ ಆ ತಪ್ಪನ್ನೂ ಬರೆದು ಪಕ್ಕದಲ್ಲಿ ಸರಿಪಡಿಸಿದ್ದನ್ನು ಬರೆಯಬೇಕು. ಆ ರಾತ್ರಿಯ ಸಾಲಿನಲ್ಲಿ ಎರಡು ನಂಬರೂ ಇವೆ. ಅದನ್ನು ನೋಡಿದ ಮೇಲೆಯೇ ವಾರ್ಡಿನವರು ಒಂದೇ ಹೆಸರಿನವರಿಗೆ ಬೋರ್ಡಿನಲ್ಲಿ ಕೆಂಪು ಗುರುತು ಹಾಕಲು ಶುರು ಮಾಡಿದ್ದು.

ಫೋನ್ ಯಾರಿಗೆ ಅನ್ನುವುದು ಕೇಳಲು ಸರಳ. ಡಾಕ್ಟರಿಗೆ ಅಥವಾ ಆ ರೋಗಿಯನ್ನು ನೋಡುವ ಸಿಸ್ಟರಿಗೆ. ವಾರ್ಡಿನ ಅಟೆಂಡರ್ ಎತ್ತಿ "ನಾನೇ ಹೇಳ್ತೀನಿ ಬಿಡಿ" ಅಂದರೆ ಬಿಡುವಂತಿಲ್ಲ, ಸಿಸ್ಟರನ್ನು ಕರೆಸಬೇಕು. ಯಾರೂ ಎತ್ತದಿದ್ದರೆ ಐದು ನಿಮಿಷದಲ್ಲಿ ಡ್ಯೂಟಿ ಡಾಕ್ಟರ್, ಆಮೇಲೆ ಕನ್ಸಲ್ಟೆಂಟ್, ಅಲ್ಲೂ ಆಗದಿದ್ದರೆ ನಮ್ಮ ಪೆಥಾಲಜಿಸ್ಟ್. ಫಲಿತಾಂಶ ಕೈಗೆ ಬಂದ ಹದಿನೈದು ನಿಮಿಷದೊಳಗೆ ಯಾರಿಗಾದರೂ ತಲುಪಬೇಕು ಅಂತ ನಮ್ಮ ಗುರಿ. ಎತ್ತದ ಫೋನನ್ನೂ ಬರೆಯುತ್ತೇವೆ, ಯಾಕೆಂದರೆ ಯಾವ ವಾರ್ಡಿನಲ್ಲಿ ಯಾವ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ ಅನ್ನುವುದು ಆ ಸಾಲುಗಳಿಂದಲೇ ಗೊತ್ತಾಗುವುದು. ಒಂದು ವಾರ್ಡಿನಲ್ಲಿ ರಾತ್ರಿ ಔಷಧಿ ಕೊಡುವ ಹೊತ್ತಿಗೆ ಕೌಂಟರಿನಲ್ಲಿ ಯಾರೂ ಇರುತ್ತಿರಲಿಲ್ಲ. ಅವರಿಗೆ ಕಾರ್ಡ್‌ಲೆಸ್ ಫೋನ್ ಸಿಕ್ಕಿದ್ದು ಈ ದಾಖಲೆ ತೋರಿಸಿದ ಮೇಲೆ.

ಮೊಬೈಲ್ ಮೆಸೇಜ್ ಕಳಿಸಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಕಳಿಸುತ್ತೇವೆ, ಬೇಡ ಅಂದಿಲ್ಲ. ಆದರೆ ಮೆಸೇಜ್ ತಲುಪಿತು ಅನ್ನುವ ಗುರುತು ಫೋನಿಗೆ ತಲುಪಿದ್ದನ್ನು ಹೇಳುತ್ತದೆ, ಡಾಕ್ಟರ್ ನೋಡಿದ್ದನ್ನು ಅಲ್ಲ. ಅವರು ಆಪರೇಷನ್ ಥಿಯೇಟರಿನಲ್ಲಿದ್ದರೆ ಮೊಬೈಲ್ ಲಾಕರಿನಲ್ಲಿ ಇರುತ್ತದೆ. ಮನುಷ್ಯರ ದನಿಯಲ್ಲಿ ಓದಿಸಿಕೊಳ್ಳುವ ತನಕ ನಮ್ಮ ಕಂಪ್ಯೂಟರಿನಲ್ಲಿ ಆ ಸಾಲು ಕೆಂಪಾಗಿಯೇ ಇರುತ್ತದೆ.

ಕಷ್ಟವಾಗುವುದು ಹೊರರೋಗಿಗಳದ್ದು. ಮಧ್ಯಾಹ್ನ ರಕ್ತ ಕೊಟ್ಟು ಮನೆಗೆ ಹೋಗಿರುತ್ತಾರೆ, ಸಂಜೆ ಸೋಡಿಯಂ 114 ಬರುತ್ತದೆ. ಬರೆದುಕೊಟ್ಟ ಡಾಕ್ಟರ್ ಹೊರಟಿರುತ್ತಾರೆ. ಅರ್ಜಿಯಲ್ಲಿ ಫೋನ್ ನಂಬರ್ ಜಾಗ ಖಾಲಿ, ಅಥವಾ ಒಂದು ಅಂಕಿ ಕಡಿಮೆ. ಹೊಸ ನಿಯಮ ಬಂದ ಮೇಲೆ ಸ್ಯಾಂಪಲ್ ತೆಗೆಯುವವರು ರೋಗಿಯ ನಂಬರಿಗೆ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡುತ್ತಾರೆ. ಕ್ರಿಟಿಕಲ್ ಬಂದರೆ ಮೊದಲು ಬರೆದುಕೊಟ್ಟ ಡಾಕ್ಟರಿಗೆ, ಅವರು ಸಿಗದಿದ್ದರೆ ಎಮರ್ಜೆನ್ಸಿಯ ಡ್ಯೂಟಿ ಡಾಕ್ಟರಿಗೆ ಹೇಳುತ್ತೇವೆ. ರೋಗಿಗೆ ಫೋನ್ ಮಾಡುವುದು ಆ ಡಾಕ್ಟರ್ ಅಥವಾ ನಮ್ಮ ಪೆಥಾಲಜಿಸ್ಟ್. ಟೆಕ್ನಾಲಜಿಸ್ಟ್ ಮಾಡುವಂತಿಲ್ಲ. "ತಲೆ ಸುತ್ತುತ್ತಾ ಇದೆ, ಏನು ಮಾಡಲಿ?" ಅಂತ ಅವರು ಕೇಳಿದರೆ ಉತ್ತರಿಸುವ ಅಧಿಕಾರವೂ ತಿಳಿವಳಿಕೆಯೂ ಇರುವವರೇ ಮಾತಾಡಬೇಕು.

ಪಟ್ಟಿಗೆ ಕೊನೆಯಲ್ಲಿ ಸೇರಿದ್ದು ಡಿಸ್ಚಾರ್ಜ್ ಆದವರ ಬ್ಲಡ್ ಕಲ್ಚರ್. ಕಲ್ಚರ್ ಪಾಸಿಟಿವ್ ಆಗಲು ಒಂದೆರಡು ದಿನ ಬೇಕಾಗುತ್ತದೆ, ಅಷ್ಟರಲ್ಲಿ ಜ್ವರ ಇಳಿದ ರೋಗಿ ಮನೆಗೆ ಹೋಗಿರುತ್ತಾರೆ. ವಾರ್ಡಿಗೆ ಫೋನ್ ಮಾಡಿದರೆ "ಪೇಷಂಟ್ ಹೋಗಿದ್ದಾರೆ" ಅಂತ ಇಟ್ಟುಬಿಡುತ್ತಿದ್ದರು, ರಿಜಿಸ್ಟರಿನಲ್ಲಿ "ತಿಳಿಸಲಾಗಿದೆ" ಅಂತ ಬೀಳುತ್ತಿತ್ತು. ಈಗ ಡಿಸ್ಚಾರ್ಜ್ ಬರೆದ ಡಾಕ್ಟರಿಗೇ ನೇರವಾಗಿ ಫೋನ್. ಅವರು ರೀಡ್-ಬ್ಯಾಕ್ ಮಾಡಿ ರೋಗಿಗೆ ತಾವು ತಿಳಿಸುವುದಾಗಿ ಹೇಳಿದ ಮೇಲೆಯೂ ಆ ಸಾಲು ತೆರೆದೇ ಇರುತ್ತದೆ. ರೋಗಿ ಸಿಕ್ಕರು ಅಂತ ಅವರ ಕಡೆಯಿಂದ ಮಾತು ಬರಬೇಕು, ಆಗಷ್ಟೇ ಮುಚ್ಚುವುದು. ಮರುದಿನ ಬೆಳಿಗ್ಗೆಯ ಪಾಳಿಯವರು ಮೊದಲು ನೋಡುವುದು ತೆರೆದಿರುವ ಸಾಲುಗಳನ್ನೇ.